ಕರೆಂಟ್ ಬೆಂಕಿಗೆ ಒದ್ದೆ ಗೋಣಿಚೀಲ ಹಾಕಬಹುದೇ? ಮೊದಲು ಏನು ಮಾಡಬೇಕು, ಯಾವ ಸಿಲಿಂಡರ್ ಹಿಡಿಯಬೇಕು?

"ಮನೆಯಲ್ಲಿ ಬೆಂಕಿ ಹೊತ್ತಿಕೊಂಡರೆ ಗಾಬರಿಯಾಗಬೇಡಿ, ಒದ್ದೆ ಗೋಣಿಚೀಲ ಹಾಕಿ, ಬೆಂಕಿ ತಕ್ಷಣ ಆರುತ್ತದೆ. ಎಲ್ಲರಿಗೂ ಕಳುಹಿಸಿ" ಎಂಬ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಗ್ಯಾಸ್ ಸಿಲಿಂಡರ್‌ನ ಬಾಯಲ್ಲಿ ಹೊತ್ತಿಕೊಂಡ ಬೆಂಕಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿ ಆರಿಸುವುದನ್ನು ಪ್ರಾತ್ಯಕ್ಷಿಕೆಗಳಲ್ಲಿ ತೋರಿಸುತ್ತಾರೆ. ಅದನ್ನು ನೋಡಿದವರು ಅದೇ ಉಪಾಯವನ್ನು ಸ್ವಿಚ್ ಬೋರ್ಡಿಗೂ ಅನ್ವಯಿಸಿದರೆ ಜೀವಕ್ಕೇ ಅಪಾಯ. ನಲ್ಲಿ ಅಥವಾ ಬೋರ್‌ವೆಲ್ ನೀರಿನಲ್ಲಿ ಲವಣಗಳು ಕರಗಿರುತ್ತವೆ, ಅದರ ಮೂಲಕ ವಿದ್ಯುತ್ ಹರಿಯುತ್ತದೆ. ಒದ್ದೆ ಚೀಲವನ್ನು ಕೈಯಲ್ಲಿ ಹಿಡಿದು ಕರೆಂಟ್ ಇರುವ ಬೋರ್ಡಿಗೆ ಒತ್ತುವುದೂ ಒದ್ದೆ ಕೈಯನ್ನೇ ಒತ್ತುವುದೂ ಹೆಚ್ಚು ಕಡಿಮೆ ಒಂದೇ.

ಹಾಗಾದರೆ ಏನು ಮಾಡಬೇಕು? ಇದನ್ನು ವಿವರಿಸಲು ದಾವಣಗೆರೆಯಲ್ಲಿರುವ ನನ್ನ ಸೋದರಮಾವನ ಜೆರಾಕ್ಸ್ ಅಂಗಡಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಅಲ್ಲಿ ಆದಷ್ಟು ತಪ್ಪುಗಳು ಒಂದೇ ಕಡೆ ಸಿಗುವುದು ಅಪರೂಪ.

ಎಂಸಿಬಿ ಬೀಳಲಿಲ್ಲ, ಹಾಗಾದರೆ ಕರೆಂಟ್ ಬೆಂಕಿ ಅಲ್ಲವೇ?

ಮಧ್ಯಾಹ್ನದ ಹೊತ್ತು ಜೆರಾಕ್ಸ್ ಮಷೀನ್ ಹಿಂದಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮಾವ ಬೋರ್ಡ್ ಕಡೆ ನೋಡಿ, "ಎಂಸಿಬಿ ಬಿದ್ದಿಲ್ವಲ್ಲ, ಕರೆಂಟಿಂದಲ್ಲ ಬಿಡು, ಹೊರಗಡೆ ಯಾರೋ ಕಸ ಸುಡ್ತಿರಬೇಕು" ಅಂದರಂತೆ. ಐದು ನಿಮಿಷದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಹೊಗೆ, ಹಿಂದೆಯೇ ಜ್ವಾಲೆ.

ಎಂಸಿಬಿ ಯಾಕೆ ಬೀಳಲಿಲ್ಲ? ಅದು ಗಮನಿಸುವುದು ಎರಡೇ ಸಂಗತಿಗಳನ್ನು: ಮಿತಿ ಮೀರಿದ ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್. ಅಲ್ಲಿ ಎರಡೂ ಆಗಿರಲಿಲ್ಲ. ಒಂದೇ ಬಾಕ್ಸ್‌ಗೆ ಜೆರಾಕ್ಸ್ ಮಷೀನ್ ಮತ್ತು ಲ್ಯಾಮಿನೇಷನ್ ಮಷೀನ್ ಹಾಕಿದ್ದರು. ಎರಡೂ ಸೇರಿ ಸುಮಾರು 8 ಆಂಪಿಯರ್ ಎಂದಿಟ್ಟುಕೊಳ್ಳಿ, ಎಂಸಿಬಿ 16 ಆಂಪಿಯರ್‌ನದು. ಆದರೆ ಪ್ಲಗ್ ಸಡಿಲವಾಗಿತ್ತು. ಸಡಿಲ ಜಾಗದಲ್ಲಿ ಅರ್ಧ ಓಮ್‌ನಷ್ಟು ತಡೆ ಇದ್ದರೂ 8 × 8 × 0.5, ಅಂದರೆ 32 ವಾಟ್ ಶಾಖ ಆ ಒಂದು ಚುಕ್ಕೆಯಲ್ಲೇ ಹುಟ್ಟುತ್ತದೆ. ಮೊಬೈಲ್ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವಾಟ್‌ಗೇ ಸೀಸ ಕರಗಿಸುತ್ತದೆ. ಮಷೀನ್ ಎಂದಿನಂತೆ ಓಡುತ್ತಿರುತ್ತದೆ, ಎಂಸಿಬಿಗೆ ಏನೂ ತಿಳಿಯುವುದಿಲ್ಲ, ಪ್ಲಾಸ್ಟಿಕ್ ಮಾತ್ರ ಬೇಯುತ್ತಿರುತ್ತದೆ.

ಆದ್ದರಿಂದ ನಂಬಬೇಕಾದದ್ದು ಮೂಗು ಮತ್ತು ಕೈಯನ್ನು. ಮೀನು ಕೊಳೆತಂತಹ ಅಥವಾ ಪ್ಲಾಸ್ಟಿಕ್ ಸುಟ್ಟಂತಹ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್, ಮುಟ್ಟಿದರೆ ಬಿಸಿ ಎನಿಸುವ ಪ್ಲಗ್, ಚಿರ್ ಚಿರ್ ಸದ್ದು, ಇವು ಬೆಂಕಿಗೆ ಮುಂಚಿನ ಸೂಚನೆಗಳು.

ಮೇನ್ ಆಫ್ ಮಾಡಿದರೂ ಲೈಟ್ ಉರಿಯುತ್ತಿತ್ತು!

ಹೊಗೆ ಕಂಡ ಕೂಡಲೇ ಕೆಲಸದ ಹುಡುಗ ಕುಡಿಯುವ ನೀರಿನ ಕ್ಯಾನ್ ಎತ್ತಿಕೊಂಡ. ಮಾವ ಅವನನ್ನು ತಡೆದು ಮೇನ್ ಆಫ್ ಮಾಡಿದರು. ಸರಿಯಾದ ಕೆಲಸವೇ. ಬೆಂಕಿ ಹತ್ತಿದ ಪ್ಲಗ್ಗನ್ನು ಕೀಳಲು ಹೋಗದೆ, ಒಣ ಕೈಯಲ್ಲಿ, ಒಣ ನೆಲದ ಮೇಲೆ ನಿಂತು ಮೇನ್ ಇಳಿಸುವುದೇ ಮೊದಲ ಹೆಜ್ಜೆ. ಕೋಣೆಯ ಸಣ್ಣ ಎಂಸಿಬಿ ಸಾಮಾನ್ಯವಾಗಿ ಫೇಸ್ ತಂತಿಯನ್ನು ಮಾತ್ರ ಕತ್ತರಿಸುತ್ತದೆ. ಎರಡು ಪೋಲ್‌ನ ಮೇನ್ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವುದರಿಂದ ಅದೇ ವಾಸಿ.

ಈಗ ಹುಡುಗ ಮತ್ತೆ ಕ್ಯಾನ್ ಎತ್ತಿದ. ಆಗ ಪಕ್ಕದ ಮೆಡಿಕಲ್ ಅಂಗಡಿಯವರು, "ಮೇನ್ ತೆಗೆದೀರಾ ಅಂತೀರಿ, ಟ್ಯೂಬ್‌ಲೈಟ್ ಉರೀತಿದೆಯಲ್ರೀ?" ಅಂತ ಕೂಗಿದರು. ಆ ಒಂದು ಮಾತು ಹುಡುಗನನ್ನು ಉಳಿಸಿತು ಎಂದೇ ನನ್ನ ನಂಬಿಕೆ.

ಅಂಗಡಿಯಲ್ಲಿ ಇನ್ವರ್ಟರ್ ಇತ್ತು. ಮೇನ್ ಇಳಿಸಿದರೆ ಅದು "ಕರೆಂಟ್ ಹೋಯಿತು" ಎಂದು ತಿಳಿದು ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಯಿಂದ ಅದೇ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಅದು ಅದರ ಕೆಲಸ. ಮಾವನ ಅಂಗಡಿಯಲ್ಲಿ ಲೈಟ್, ಫ್ಯಾನ್ ಜೊತೆಗೆ ಕಂಪ್ಯೂಟರ್‌ನ ಸಾಕೆಟ್ಟೂ ಇನ್ವರ್ಟರ್ ಲೈನ್‌ನಲ್ಲಿತ್ತು, ಅದರ ವೈರ್ ಉರಿಯುತ್ತಿದ್ದ ಬಾಕ್ಸ್‌ನ ಪಕ್ಕದಲ್ಲೇ ಹಾದುಹೋಗಿತ್ತು. ಇದರ ಉಲ್ಟಾ ತಪ್ಪೂ ಇದೆ: ಇನ್ವರ್ಟರ್‌ನ ಮುಂದಿನ ಸ್ವಿಚ್ ಮಾತ್ರ ಆಫ್ ಮಾಡಿ ಮೇನ್ ಬಿಟ್ಟರೆ, ಅನೇಕ ಇನ್ವರ್ಟರ್‌ಗಳಲ್ಲಿ ಲೈನ್ ಕರೆಂಟ್ ನೇರವಾಗಿ ಹಾದುಹೋಗುತ್ತಲೇ ಇರುತ್ತದೆ. ಹಾಗಾಗಿ ಮೊದಲು ಮೇನ್, ಆಮೇಲೆ ಇನ್ವರ್ಟರ್ ಮತ್ತು ಯುಪಿಎಸ್. ಎಲ್ಲ ಲೈಟೂ ಆರಿದರೆ ಒಳ್ಳೆಯ ಸೂಚನೆ, ಆದರೂ ಅದೊಂದನ್ನೇ ನಂಬಿ ನೀರು ಸುರಿಯಬೇಡಿ.

ಒಂದು ಎಚ್ಚರಿಕೆ: ಅಂಗಡಿಯ ರೋಲಿಂಗ್ ಶಟರ್ ಮೋಟಾರಿನದಾಗಿದ್ದರೆ, ಮೇನ್ ತೆಗೆಯುವ ಮೊದಲು ಅದು ಪೂರ್ತಿ ಮೇಲಿದೆಯೇ ನೋಡಿ. ಮೀಟರ್ ಬೋರ್ಡೇ ಉರಿಯುತ್ತಿದ್ದರೆ ಅಥವಾ ಮೇನ್ ತಲುಪಲು ಹೊಗೆ ದಾಟಬೇಕಿದ್ದರೆ ಆ ಸಾಹಸ ಬೇಡ. ಹೊರಗೆ ಬಂದು ಅಗ್ನಿಶಾಮಕ ಠಾಣೆಗೆ 101 ಅಥವಾ 112ಕ್ಕೆ, ವಿದ್ಯುತ್ ಕಂಪನಿಗೆ 1912ಕ್ಕೆ ಕರೆ ಮಾಡಿ. ಕಂಬದಿಂದ ಲೈನ್ ತೆಗೆಯುವುದು ಲೈನ್‌ಮ್ಯಾನ್ ಕೆಲಸ, ಕೋಲು ಹಿಡಿದು ಹೋಗುವ ಪಕ್ಕದ ಮನೆಯವರದ್ದಲ್ಲ.

ಗೋಡೆಯ ಮೇಲೆ ಕೆಂಪು ಸಿಲಿಂಡರ್ ಇತ್ತು, ಮೇಲೆ CO2 ಎಂದೂ ಬರೆದಿತ್ತು

ಮಾವನ ಅಂಗಡಿಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಮೊದಲಿನಿಂದಲೂ ಇತ್ತು. ಹಳೆಯ ಬಾಡಿಗೆದಾರರು ಬಿಟ್ಟುಹೋದದ್ದು. ಅದರ ಮೇಲೆ CO2 ಎಂಬ ಅಕ್ಷರ ನೋಡಿ, ಕರೆಂಟ್ ಬೆಂಕಿಗೆ ಅದೇ ಸರಿ ಎಂದು ಎಲ್ಲರೂ ನಂಬಿದ್ದರು. ಆಮೇಲೆ ಲೇಬಲ್ ಪೂರ್ತಿ ಓದಿದಾಗ ಗೊತ್ತಾಯಿತು, ಅದು "ವಾಟರ್ CO2" ಮಾದರಿ. ಒಳಗಿರುವುದು 9 ಲೀಟರ್ ನೀರು. ಆ ನೀರನ್ನು ಹೊರಗೆ ತಳ್ಳಲು ಮಾತ್ರ ಸಣ್ಣ ಕಾರ್ಟ್ರಿಜ್‌ನಲ್ಲಿ CO2 ಅನಿಲ ಇರುತ್ತದೆ. ಅದನ್ನು ಕರೆಂಟ್ ಇರುವ ಬಾಕ್ಸ್ ಮೇಲೆ ಹಾಯಿಸುವುದೆಂದರೆ ನೀರಿನ ಪೈಪ್ ಹಾಯಿಸಿದಂತೆ. ಕಾಗದ, ಮರ, ಬಟ್ಟೆಯ ಬೆಂಕಿಗೆ ಅದು ಒಳ್ಳೆಯದು. ಕರೆಂಟ್ ಇರುವಲ್ಲಿ ಬೇಡ. ಫೋಮ್ ಸಿಲಿಂಡರಿನಲ್ಲೂ ಹೆಚ್ಚಿನ ಪಾಲು ನೀರೇ.

ಮೈಬಣ್ಣ ಎಲ್ಲದಕ್ಕೂ ಕೆಂಪೇ ಆದ್ದರಿಂದ ಬಣ್ಣ ನೋಡಿ ಗುರುತಿಸಲಾಗದು. ನಿಜವಾದ CO2 ಸಿಲಿಂಡರ್‌ಗೆ ತುದಿಯಲ್ಲಿ ಅಗಲವಾದ ಕಪ್ಪು ಕೊಳವೆ ಇರುತ್ತದೆ, ಹಾರ್ನ್ ಎನ್ನುತ್ತಾರೆ. ಒತ್ತಡ ತೋರಿಸುವ ಮುಳ್ಳಿನ ಗೇಜ್ ಇರುವುದಿಲ್ಲ. ಗಾತ್ರ ನೋಡಿದರೆ ಚಿಕ್ಕದು, ಎತ್ತಿದರೆ ದಪ್ಪ ಉಕ್ಕಿನ ಭಾರ. ಡ್ರೈ ಪೌಡರ್‌ನ ಎಬಿಸಿ ಸಿಲಿಂಡರ್‌ಗೆ ಹಸಿರು ಪಟ್ಟಿಯ ಗೇಜ್ ಇರುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. "ಸಿ ಎಂದರೆ ಕರೆಂಟ್ ಬೆಂಕಿ" ಎನ್ನುವ ಫಾರ್ವರ್ಡ್‌ಗಳು ಅಮೆರಿಕದ ಪದ್ಧತಿಯವು. ಭಾರತದ ವರ್ಗೀಕರಣದಲ್ಲಿ ಎ ಎಂದರೆ ಘನ ವಸ್ತು, ಬಿ ಎಂದರೆ ದ್ರವ, ಸಿ ಎಂದರೆ ಗ್ಯಾಸ್. ನಮ್ಮಲ್ಲಿ ಆ ಅಕ್ಷರ ಕರೆಂಟ್ ಬಗ್ಗೆ ಏನೂ ಹೇಳುವುದಿಲ್ಲ. ವಿದ್ಯುತ್ ಉಪಕರಣಕ್ಕೆ ಬಳಸಬಹುದೇ ಎಂಬುದನ್ನು ಲೇಬಲ್‌ನಲ್ಲಿ ಬೇರೆಯಾಗಿ ಓದಬೇಕು. ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 15683 ಸಂಖ್ಯೆ ಇದೆಯೇ ನೋಡಿ.

CO2 ಒಳ್ಳೆಯದೋ, ಪೌಡರ್ ಒಳ್ಳೆಯದೋ?

ಕೊನೆಗೆ ಬೆಂಕಿ ಆರಿಸಿದ್ದು ಮೆಡಿಕಲ್ ಅಂಗಡಿಯವರ ಎಬಿಸಿ ಪೌಡರ್. ಒಂದೇ ಸಲಕ್ಕೆ ಆರಿತು. ಆದರೆ ಅಂಗಡಿಯೆಲ್ಲ ಹಳದಿ ಧೂಳು, ಎರಡು ನಿಮಿಷ ಕಣ್ಣು ಕಾಣಲಿಲ್ಲ. ಬೆಂಕಿ ತಗಲದಿದ್ದ ಜೆರಾಕ್ಸ್ ಮಷೀನ್ ಕೂಡ ಕೆಲವು ದಿನಗಳಲ್ಲಿ ಕೈಕೊಟ್ಟಿತು. ಆ ಪುಡಿಯಲ್ಲಿ ಮುಖ್ಯವಾಗಿರುವುದು ಮೊನೊ ಅಮೋನಿಯಂ ಫಾಸ್ಫೇಟ್. ಅದು ವಿದ್ಯುತ್ ಹರಿಸುವುದಿಲ್ಲ, ಆದರೆ ಗಾಳಿಯ ತೇವ ಹೀರಿಕೊಂಡರೆ ಆಮ್ಲೀಯವಾಗಿ ಸರ್ಕ್ಯೂಟ್ ಬೋರ್ಡಿನ ಲೋಹವನ್ನು ತಿನ್ನುತ್ತದೆ.

CO2 ಏನನ್ನೂ ಉಳಿಸದೆ ಆವಿಯಾಗುತ್ತದೆ. ಕಂಪ್ಯೂಟರ್, ಜೆರಾಕ್ಸ್, ಮೊಬೈಲ್ ಅಂಗಡಿಗೆ ಅದೇ ಸೂಕ್ತ. ಆದರೆ ಅದಕ್ಕೂ ಮಿತಿಗಳಿವೆ. 2 ಕೆಜಿಯ ಸಿಲಿಂಡರ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ, ಒಂದೆರಡು ಮೀಟರ್ ದೂರಕ್ಕಷ್ಟೇ ಎಟಕುತ್ತದೆ. ಅದು ಗಾಳಿಯನ್ನು ದೂರ ತಳ್ಳಿ ಬೆಂಕಿ ಆರಿಸುತ್ತದೆಯೇ ಹೊರತು ಹೆಚ್ಚು ತಣ್ಣಗಾಗಿಸುವುದಿಲ್ಲ. ಕರೆಂಟ್ ಹೋಗಿಲ್ಲದಿದ್ದರೆ ಅಥವಾ ಒಳಗಿನ ತಂತಿ ಇನ್ನೂ ಕಾದಿದ್ದರೆ ಅರೆ ನಿಮಿಷದಲ್ಲಿ ಮತ್ತೆ ಹೊತ್ತಿಕೊಳ್ಳಬಹುದು. ಸಿಲಿಂಡರ್ ಕರೆಂಟ್ ಆಫ್ ಮಾಡುವುದಕ್ಕೆ ಬದಲಿಯಲ್ಲ ಎನ್ನುವುದು ಇದಕ್ಕೇ. ಹೊರಬರುವ ಅನಿಲ ಮೈನಸ್ 78 ಡಿಗ್ರಿಯಷ್ಟು ತಣ್ಣಗಿರುತ್ತದೆ, ಬರಿಗೈಯಲ್ಲಿ ಹಾರ್ನ್ ಹಿಡಿದರೆ ಚರ್ಮ ಸುಟ್ಟಂತಾಗುತ್ತದೆ. ಹಿಡಿಯನ್ನೇ ಹಿಡಿಯಿರಿ. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಬಳಸಿದರೆ ಉಸಿರಾಡಲು ಗಾಳಿಯೂ ಕಡಿಮೆಯಾಗುತ್ತದೆ, ಕೂಡಲೇ ಹೊರಬನ್ನಿ.

ಮನೆಗೆ ಒಂದೇ ಕೊಳ್ಳುವುದಾದರೆ 2 ಅಥವಾ 4 ಕೆಜಿಯ ಎಬಿಸಿ ಪೌಡರ್ ಸಾಕು ಎಂಬುದು ನನ್ನ ಅಭಿಪ್ರಾಯ, ಸೋಫಾ, ಪರದೆ, ಸ್ವಿಚ್ ಬೋರ್ಡ್ ಎಲ್ಲಕ್ಕೂ ಬರುತ್ತದೆ. ಟಿವಿ ಹಾಳಾದರೆ ಹಾಳಾಗಲಿ.

ಬಳಸುವ ರೀತಿ ಎರಡಕ್ಕೂ ಒಂದೇ. ಬಾಗಿಲು ನಿಮ್ಮ ಬೆನ್ನ ಹಿಂದಿರಲಿ. ಪಿನ್ ಎಳೆಯಿರಿ, ಒಂದೂವರೆ ಮೀಟರ್ ದೂರದಿಂದ ಜ್ವಾಲೆಯ ಬುಡಕ್ಕೆ ಗುರಿಯಿಡಿ, ಹಿಡಿ ಒತ್ತಿ, ಎಡಬಲಕ್ಕೆ ಆಡಿಸಿ. ಬೆಂಕಿ ನಿಮ್ಮ ಸೊಂಟಕ್ಕಿಂತ ಎತ್ತರವಿದ್ದರೆ ಅಥವಾ ಹೊಗೆ ತಲೆಯ ಮಟ್ಟಕ್ಕೆ ಇಳಿದಿದ್ದರೆ ಸಿಲಿಂಡರ್ ಮುಟ್ಟಲೂ ಹೋಗಬೇಡಿ. ವೈರಿನ ಪಿವಿಸಿ ಉರಿದಾಗ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇರುತ್ತವೆ. ಒಂದು ಸಿಲಿಂಡರ್ ಮುಗಿದರೂ ಆರದಿದ್ದರೆ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಿ, ಬೀಗ ಹಾಕಬೇಡಿ. ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್‌ನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡಿದ್ದರೆ ಇವೆರಡನ್ನೂ ನಂಬಬೇಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು 101ಕ್ಕೆ ಕರೆ ಮಾಡಿ.

ನೀರು ಯಾವಾಗಲೂ ನಿಷಿದ್ಧವೇ? ಅಲ್ಲ. ಮೇನ್, ಇನ್ವರ್ಟರ್, ಯುಪಿಎಸ್ ಎಲ್ಲವೂ ಖಚಿತವಾಗಿ ಆಫ್ ಆದ ಮೇಲೆ ಉಳಿಯುವುದು ಕಾಗದ, ಮರದ ಸಾಮಾನ್ಯ ಬೆಂಕಿ. ಮಾವನ ಅಂಗಡಿಯಲ್ಲಿ ಹೊಗೆಯಾಡುತ್ತಿದ್ದ ಕಾಗದದ ಕಟ್ಟುಗಳನ್ನು ಕೊನೆಗೆ ಆರಿಸಿದ್ದು ಅದೇ ಕ್ಯಾನ್ ನೀರು. ಎಷ್ಟೋ ಬಾರಿ ಬೂದಿಯೊಳಗೆ ಕಿಡಿ ಉಳಿಯುವುದರಿಂದ ಅದು ಅಗತ್ಯವೂ ಹೌದು. ಖಚಿತವಿಲ್ಲದಿದ್ದರೆ ಮಾತ್ರ ನೀರು ಬೇಡವೇ ಬೇಡ.

ಈಗ ಅಂಗಡಿಯಲ್ಲಿ 2 ಕೆಜಿಯ CO2 ಸಿಲಿಂಡರ್ ಇದೆ, ಬೋರ್ಡಿನ ಪಕ್ಕದಲ್ಲಲ್ಲ, ಶಟರ್ ಪಕ್ಕದಲ್ಲಿ. ಗೇಜ್ ಇಲ್ಲದ್ದರಿಂದ ಅನಿಲ ಸೋರಿದೆಯೇ ಎಂದು ತಿಳಿಯಲು ತೂಗಬೇಕು. ಖಾಲಿ ತೂಕ ಸಿಲಿಂಡರಿನ ಮೇಲೆ ಕೆತ್ತಿರುತ್ತದೆ, ಅನಿಲದಲ್ಲಿ ಹತ್ತನೇ ಒಂದು ಭಾಗ, ಅಂದರೆ 200 ಗ್ರಾಂ, ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಮಾವ ಅದನ್ನು ಮೂರು ತಿಂಗಳಿಗೊಮ್ಮೆ ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತಾರೆ.