ಗೈರುಹಾಜರಿಯೂ ಕಾರಣ ಕೇಳುವ ನೋಟಿಸೂ: ಆರು ದಶಕದ ಹಾದಿ

ಎಂಟು ದಿನ ಹೇಳದೆ ಕೇಳದೆ ಬಾರದಿದ್ದರೆ ನೌಕರಿ ತಾನಾಗಿಯೇ ಹೋಯಿತು, ನೋಟಿಸು ಬರೀ ಕಾಗದದ ಶಾಸ್ತ್ರ ಎಂಬ ಮಾತು ಹುಮನಾಬಾದಿನ ಕಾರ್ಖಾನೆಗಳ ಆಫೀಸುಗಳಲ್ಲಿ ಈಗಲೂ ಕೇಳಿಬರುತ್ತದೆ. ಇಲಾಖಾ ವಿಚಾರಣೆಗಳಲ್ಲೇ ಕಾಲ ಕಳೆದ ನನ್ನಂಥವರಿಗೆ ಇದು ಕಿರಿಕಿರಿಯ ಮಾತು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು ಎಂಬುದೇ ತೊಡಕು.

ಆರಂಭದ ಕಥೆ ಚಿಕ್ಕದು. ಸರ್ಕಾರಿ ನೌಕರನಿಗೆ ಸಂವಿಧಾನದ 311ನೇ ವಿಧಿಯ ರಕ್ಷಣೆಯಿತ್ತು. ಕಾರ್ಖಾನೆಯ ಕಾರ್ಮಿಕನಿಗೆ ಇದ್ದದ್ದು ಮುಖ್ಯವಾಗಿ 1946ರ ಸ್ಥಾಯಿ ಆದೇಶಗಳ ಕಾಯ್ದೆ. 1964ರ ಬಕಿಂಗ್‌ಹ್ಯಾಂ ಅಂಡ್ ಕರ್ನಾಟಿಕ್ ಪ್ರಕರಣದಲ್ಲಿ, ಗೈರುಹಾಜರಾದವನ ನೌಕರಿ ತಾನಾಗಿ ಕೊನೆಗೊಳ್ಳುತ್ತದೆ ಎಂಬ ಸ್ಥಾಯಿ ಆದೇಶವನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಜೈಶಂಕರ್ ಎಂಬ ಜೈಲು ನೌಕರನ ಪ್ರಕರಣದಲ್ಲಿ ಅದೇ ಕೋರ್ಟು, ರಜೆ ಮೀರಿ ಉಳಿದವನನ್ನೂ ಕಾರಣ ಕೇಳದೆ ತೆಗೆಯಲಾಗದು ಎಂದಿತು. ಸರ್ಕಾರಿ ನೌಕರನಿಗೊಂದು ನ್ಯಾಯ, ಕಾರ್ಖಾನೆಯವನಿಗೊಂದು ನ್ಯಾಯ ಎಂಬ ಸ್ಥಿತಿ ಬಹುಕಾಲ ನಡೆಯಿತು.

ಅದನ್ನು ಮುರಿದದ್ದು 1993ರ ಡಿ.ಕೆ. ಯಾದವ್ ತೀರ್ಪು, ನಮ್ಮ ತಲೆಮಾರು ಪಾಠ ಕಲಿತದ್ದು ಅಲ್ಲಿ. ಎಂಟು ದಿನಕ್ಕಿಂತ ಹೆಚ್ಚು ಬಾರಲಿಲ್ಲವೆಂದು ಜೆ.ಎಂ.ಎ. ಇಂಡಸ್ಟ್ರೀಸ್ 1980ರ ಡಿಸೆಂಬರಿನಲ್ಲಿ ಯಾದವ್ ಅವರ ಹೆಸರು ಹೊಡೆದುಹಾಕಿತು. ತಾನು ಬಂದಿದ್ದೆ, ಗೇಟಿನಲ್ಲೇ ತಡೆದರು ಎಂಬುದು ಅವರ ಉತ್ತರ. ಯಾರ ಮಾತು ನಿಜವೆಂದು ತಿಳಿಯಲು ಮೊದಲು ಕೇಳಬೇಕಿತ್ತು, ಯಾರೂ ಕೇಳಿರಲಿಲ್ಲ. ಕೋರ್ಟು ಅವರನ್ನು ಅರ್ಧ ಹಿಂಬಾಕಿ ವೇತನದೊಂದಿಗೆ ಮರಳಿ ಕೆಲಸಕ್ಕೆ ಸೇರಿಸಿತು. ಸ್ಥಾಯಿ ಆದೇಶದಲ್ಲಿ ಏನೇ ಬರೆದಿರಲಿ, ಅದರೊಳಗೆ ಸಹಜ ನ್ಯಾಯವನ್ನು ಓದಿಕೊಳ್ಳಲೇಬೇಕು ಎಂದಾಯಿತು.

ಇದರರ್ಥ ನೌಕರನೇ ಸದಾ ಗೆಲ್ಲುತ್ತಾನೆ ಎಂದಲ್ಲ. 2000ರ ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ, ಕೊನೆಯ ವಿಳಾಸಕ್ಕೆ 30 ದಿನದ ಗಡುವಿನ ನೋಟಿಸು ಹೋಗಿತ್ತು. ಸ್ವೀಕರಿಸಲು ನಿರಾಕರಿಸಿದ್ದಾರೆ ಎಂಬ ಅಂಚೆ ಷರಾದೊಂದಿಗೆ ಮರಳಿತು. ಕೋರ್ಟು ಬ್ಯಾಂಕಿನ ಪರ ನಿಂತಿತು. ಕೇಳಿದ್ದಕ್ಕೆ ದಾಖಲೆಯಿದ್ದವನು ಉಳಿದ.

ಮುಂದಿನ ಎರಡು ತೀರ್ಪುಗಳು ಒಕ್ಕಣೆಯನ್ನೇ ತಿದ್ದಿದವು. 2010ರ ಓರಿಕ್ಸ್ ಫಿಶರೀಸ್ ಪ್ರಕರಣ ನೌಕರಿಯದ್ದಲ್ಲ, ಮೀನು ರಫ್ತಿನದು. ಆದರೂ ನೋಟಿಸು ಬರೆಯುವವರು ಮೊದಲು ಓದಬೇಕಾದದ್ದು ಅದನ್ನೇ. ತಪ್ಪು ಸಾಬೀತಾಗಿದೆ ಎಂದು ನೋಟಿಸಿನಲ್ಲೇ ತೀರ್ಮಾನಿಸಿದರೆ ಉತ್ತರ ಕೇಳುವುದು ನಾಟಕ ಎಂಬುದು ಅದರ ಸಾರ. 2012ರ ಕೃಷ್ಣಕಾಂತ ಪರಮಾರ್ ತೀರ್ಪು, ಗೈರುಹಾಜರಿ ಬೇಕೆಂದೇ ಆದದ್ದು ಎಂದು ತೋರಿಸದೆ ಅದು ದುರ್ನಡತೆಯಾಗದು ಎಂದಿತು. ಆಸ್ಪತ್ರೆಯಲ್ಲಿ ಮಲಗಿದವನೂ ಬಾರದವನೇ. ನೋಟಿಸು ಕೇಳಬೇಕಾದದ್ದು ಆ ಕಾರಣವನ್ನು.

ಈಗ ಒಂದು ಮಾದರಿ ಕಟ್ಟೋಣ. ಗೋರ್ಟಾ (ಬಿ) ಊರಿನ ಕಾರ್ಮಿಕನೊಬ್ಬ ಹುಮನಾಬಾದಿನ ಸಣ್ಣ ಘಟಕದಲ್ಲಿದ್ದಾನೆ ಎನ್ನಿ. ಮೇ 7ರಿಂದ 9ರವರೆಗೆ ರಜೆ, 11ಕ್ಕೆ ಬರಬೇಕಿತ್ತು, ಬರಲಿಲ್ಲ. 22ರಂದು ಹೊರಡುವ ನೋಟಿಸು ಹೀಗಿರಲಿ:

‘ಮಂಜೂರಾದ ರಜೆ ಮೇ 9ಕ್ಕೆ ಮುಗಿದಿದೆ. ಹಾಜರಿ ಪುಸ್ತಕದ ಪ್ರಕಾರ ತಾವು 11ರಿಂದ 21ರವರೆಗೆ, ನಡುವಿನ ಒಂದು ಭಾನುವಾರ ಬಿಟ್ಟು, 10 ಕೆಲಸದ ದಿನ ಹಾಜರಾಗಿಲ್ಲ. 13 ಮತ್ತು 16ರಂದು ತಮ್ಮ ಫೋನಿಗೆ ಕರೆ ಮಾಡಿದೆವು, ಸಂಪರ್ಕ ಸಿಗಲಿಲ್ಲ. ಈ ಗೈರುಹಾಜರಿಗೆ ಕಾರಣವನ್ನು ಈ ಪತ್ರ ತಲುಪಿದ 7 ದಿನಗಳೊಳಗೆ ಬರಹದಲ್ಲಿ ತಿಳಿಸಿ. ಅನಾರೋಗ್ಯವಿದ್ದರೆ ವೈದ್ಯರ ಚೀಟಿ ಲಗತ್ತಿಸಿ. ಹೆಚ್ಚಿನ ಸಮಯ ಬೇಕಿದ್ದರೆ ಕೇಳಿ. ಉತ್ತರ ಬಾರದಿದ್ದರೆ ಲಭ್ಯ ದಾಖಲೆಗಳ ಮೇಲೆ ಮುಂದಿನ ಶಿಸ್ತು ಕ್ರಮವನ್ನು ಪರಿಶೀಲಿಸಲಾಗುವುದು.’

ಇಲ್ಲಿ ವಜಾ ಎಂಬ ಮಾತಿಲ್ಲ. ಉತ್ತರ ಒಪ್ಪಿಗೆಯಾಗದಿದ್ದರೆ ಆರೋಪ ಪಟ್ಟಿ, ವಿಚಾರಣೆ ಆಮೇಲಿನ ಹೆಜ್ಜೆಗಳು. ಗಡುವು ಪತ್ರ ತಲುಪಿದ ದಿನದಿಂದ ಎಣಿಕೆಯಾಗಬೇಕು. ಬರೆದ ದಿನದಿಂದ ಎಣಿಸಿದರೆ ಹಳ್ಳಿಯ ಅಂಚೆ ಸೇರುವಷ್ಟರಲ್ಲಿ ಅದರಲ್ಲಿ ಅರ್ಧ ಕರಗಿರುತ್ತದೆ. ವಿಳಾಸವೂ ಪೂರ್ತಿಯಾಗಿರಲಿ. ಈ ಸೀಮೆಯಲ್ಲಿ ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎಂದು ಜೋಡಿ ಊರುಗಳಿವೆ; ಆವರಣದ ಆ ಒಂದಕ್ಷರ ಬಿಟ್ಟರೆ ಪತ್ರ ದಾರಿ ತಪ್ಪಬಹುದು. ಅಂಚೆಯಲ್ಲಿ ಕಳಿಸಿದ್ದು ತಲುಪಿತೆಂದು ಕಾನೂನು ಭಾವಿಸುವುದು ವಿಳಾಸ ಸರಿಯಿದ್ದಾಗ ಮಾತ್ರ. ವಾಟ್ಸಾಪಿನಲ್ಲೊಂದು ಪ್ರತಿ ಕಳಿಸಬಹುದು, ಅಂಚೆಯ ಬದಲಿಗಲ್ಲ. ಮರಾಠಿ ಓದುವ ಕಾರ್ಮಿಕನಿಗೆ ಮರಾಠಿ ಪ್ರತಿಯನ್ನೂ ಲಗತ್ತಿಸುವುದು ಗಡಿನಾಡಿನ ನ್ಯಾಯ.

ಕೊರತೆ ಉಳಿದಿರುವುದು ಸಣ್ಣ ಘಟಕಗಳಲ್ಲಿ. ಹಳೆಯ ಕೇಂದ್ರ ಕಾಯ್ದೆ 100 ಕಾರ್ಮಿಕರಿದ್ದಲ್ಲಿ ಸ್ಥಾಯಿ ಆದೇಶ ಕೇಳುತ್ತಿತ್ತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ನಿಯಮ ಪುಸ್ತಕವೇ ಇಲ್ಲದ ಕಡೆ ಕಾರ್ಮಿಕನಿಗೆ ಉಳಿಯುವ ರಕ್ಷಣೆ ಬಹುಪಾಲು ಈ ಒಂದು ಪುಟ. ಹಾಗಾಗಿ ಕಾರ್ಮಿಕ ಇಲಾಖೆ ಸರಳ ಕನ್ನಡದ ಮಾದರಿ ನೋಟಿಸನ್ನು ಪ್ರತಿ ತಾಲ್ಲೂಕಿನ ಸಣ್ಣ ಘಟಕಗಳಿಗೂ ಮುಟ್ಟಿಸಬೇಕು. ಅಲ್ಲಿಯವರೆಗೆ ಮಾಲೀಕರು ಹೆಸರು ಹೊಡೆಯುವ ಮೊದಲು ಏಳು ದಿನ ಕಾಯಲಿ.