ಜೋಡಿ ಫಿಶ್‌ಐ ವಿಡಿಯೊ: ಈಕ್ವಿರೆಕ್ಟ್ಯಾಂಗ್ಯುಲರ್ ರೂಪಕ್ಕೆ ಪರಿವರ್ತನೆ

ಜೋಡಿ ಫಿಶ್‌ಐ ವಿಡಿಯೊ ಎಂದರೆ 360 ಡಿಗ್ರಿ ಕ್ಯಾಮೆರಾದ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಲೆನ್ಸ್‌ಗಳು ಕಂಡದ್ದನ್ನು ಎರಡು ವೃತ್ತಗಳಾಗಿ ಹಾಗೆಯೇ ಉಳಿಸಿಕೊಂಡ ಫೈಲ್. 2016ರಲ್ಲಿ ಬಂದ ಸ್ಯಾಮ್‌ಸಂಗ್ ಗೇರ್ 360 ಈ ಬಗೆಯದು. ಅದರ ಚೌಕಟ್ಟು 3840×1920 ಪಿಕ್ಸೆಲ್, ಅದರಲ್ಲಿ ಎರಡೂ ವೃತ್ತಗಳು ಪಕ್ಕಪಕ್ಕದಲ್ಲಿರುತ್ತವೆ. 360 ಡಿಗ್ರಿ ಪ್ಲೇಯರ್‌ಗಳು ಸಾಮಾನ್ಯವಾಗಿ ಬಯಸುವುದು ಈಕ್ವಿರೆಕ್ಟ್ಯಾಂಗ್ಯುಲರ್ ರೂಪವನ್ನು. ಅದರಲ್ಲಿ ಇಡೀ ಗೋಳ 2:1 ಅಳತೆಯ ಒಂದೇ ಆಯತವಾಗಿ ಹರಡಿಕೊಳ್ಳುತ್ತದೆ. ಅಡ್ಡ ಅಳತೆ 360 ಡಿಗ್ರಿ ರೇಖಾಂಶವನ್ನೂ ಉದ್ದ ಅಳತೆ 180 ಡಿಗ್ರಿ ಅಕ್ಷಾಂಶವನ್ನೂ ತೋರಿಸುತ್ತದೆ.

ಲೆಕ್ಕದ ತತ್ವ

ಪರಿವರ್ತನೆಯ ಲೆಕ್ಕ ಹಿಮ್ಮುಖವಾಗಿ ನಡೆಯುತ್ತದೆ. ಹೊಸ ಆಯತದ ಒಂದೊಂದು ಪಿಕ್ಸೆಲ್ ಗೋಳದಲ್ಲಿ ಯಾವ ದಿಕ್ಕಿಗೆ ಸೇರಿದ್ದೆಂದು ಮೊದಲು ಗೊತ್ತುಮಾಡಿ, ಆ ದಿಕ್ಕು ಯಾವ ವೃತ್ತದ ಯಾವ ಜಾಗದಲ್ಲಿ ಮೂಡಿದೆಯೆಂದು ಹುಡುಕಿ, ಅಲ್ಲಿನ ಬಣ್ಣವನ್ನು ತಂದಿಡಲಾಗುತ್ತದೆ. ಹೀಗೆ ಮಾಡಿದರೆ ಹೊಸ ಚಿತ್ರದಲ್ಲಿ ಎಲ್ಲಿಯೂ ತೂತು ಉಳಿಯುವುದಿಲ್ಲ. ಫಿಶ್‌ಐ ಲೆನ್ಸಿನಲ್ಲಿ, ಸರಿಸುಮಾರಾಗಿ, ಲೆನ್ಸಿನ ನೇರದಿಂದ ಇರುವ ಕೋನ ಹೆಚ್ಚಿದಷ್ಟೂ ವೃತ್ತದ ನಡುವಿನಿಂದ ದೂರ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ:

```
r = R × θ / (FOV / 2)
```

ಇಲ್ಲಿ R ವೃತ್ತದ ತ್ರಿಜ್ಯ, θ ಲೆನ್ಸಿನ ನೇರದಿಂದ ಅಳೆದ ಕೋನ, FOV ಲೆನ್ಸಿನ ಪೂರ್ಣ ನೋಟದ ಕೋನ. R 960 ಪಿಕ್ಸೆಲ್, FOV 195 ಡಿಗ್ರಿ ಎಂದು ಹಿಡಿದರೆ, ನೇರದಿಂದ 60 ಡಿಗ್ರಿ ಬಲಕ್ಕಿರುವ ವಸ್ತು ವೃತ್ತದ ನಡುವಿನಿಂದ 591 ಪಿಕ್ಸೆಲ್ ದೂರದಲ್ಲಿ ಮೂಡಿರುತ್ತದೆ. 90 ಡಿಗ್ರಿಯ ಎಲ್ಲೆ 886 ಪಿಕ್ಸೆಲ್ ದೂರದಲ್ಲಿ ಬೀಳುತ್ತದೆ. ಅದರಾಚೆಯ 74 ಪಿಕ್ಸೆಲ್ ಅಗಲದ ಬಳೆ ಇನ್ನೊಂದು ಲೆನ್ಸಿಗೂ ಕಾಣುವ ಭಾಗ. ಎರಡೂ ಕಡೆಯ ಬಳೆ ಸೇರಿ 15 ಡಿಗ್ರಿ ನೋಟ ಎರಡೆರಡು ಸಲ ದಾಖಲಾಗಿರುತ್ತದೆ. ಎರಡು ಚಿತ್ರಗಳನ್ನು ಹೊಲಿಯಲು ಸಿಗುವ ಅಂಚು ಇಷ್ಟೇ.

ಪರಿವರ್ತನೆಯ ಕ್ರಮ

ಈ ಕೆಲಸಕ್ಕೆ ಉಚಿತವಾಗಿ ಸಿಗುವ ಸಾಧನ ಎಫ್‌ಎಫ್‌ಎಂಪೆಗ್‌ನ `v360` ಫಿಲ್ಟರ್. ಅದರ 4.3ನೇ ಆವೃತ್ತಿಯಿಂದ, ಅಂದರೆ 2020ರಿಂದ, ಇದು ಲಭ್ಯವಿದೆ. ಇಡೀ ವಿಡಿಯೊವನ್ನು ಪರಿವರ್ತಿಸುವ ಮೊದಲು ಒಂದೇ ಚೌಕಟ್ಟನ್ನು ತೆಗೆದು ನೋಡುವುದು ವಾಡಿಕೆ:

```
ffmpeg -ss 10 -i in.mp4 -frames:v 1 -vf "v360=dfisheye:e:ih_fov=195:iv_fov=195:w=3840:h=1920" test.png
```

`dfisheye` ಎಂಬುದು ಬರುವ ರೂಪ, `e` ಎಂಬುದು ಹೋಗುವ ರೂಪ. ಹಿಂದಿನ ಲೆನ್ಸಿನ ನೋಟ ನಡುವೆ ಬಂದರೆ `yaw=180` ಸೇರಿಸಬೇಕು. ಕ್ಯಾಮೆರಾ ವಾಲಿದ್ದರೆ ದಿಗಂತದ ಗೆರೆ ಅಲೆಯಂತೆ ಬಾಗುತ್ತದೆ. ಅದನ್ನು `pitch` ಮತ್ತು `roll` ಬೆಲೆಗಳಿಂದ ಸರಿಪಡಿಸಲಾಗುತ್ತದೆ.

ನೋಟದ ಕೋನದ ನಿಜವಾದ ಬೆಲೆ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಕೊಂಚ ಬದಲಾಗುವುದರಿಂದ 195 ಎಂಬುದು ಆರಂಭದ ಅಂದಾಜು ಮಾತ್ರ. ಅದನ್ನು ತಿದ್ದಲು ಹೊಲಿಗೆ ಗೆರೆಯನ್ನೇ ನೋಡಬೇಕು. ತಿರುಗಿಸದ ಚಿತ್ರದಲ್ಲಿ ಈ ಗೆರೆ 960 ಮತ್ತು 2880ನೇ ಪಿಕ್ಸೆಲ್‌ಗಳ ಬಳಿ ಮೇಲಿನಿಂದ ಕೆಳಗೆ ನೆಟ್ಟಗೆ ಇಳಿದಿರುತ್ತದೆ. ದೂರದ ಮರವೋ ಗುಡ್ಡದ ಬಂಡೆಯೋ ಗೆರೆಯ ಎರಡೂ ಬದಿಗೆ ಎರಡು ಸಲ ಕಂಡರೆ ಕೊಟ್ಟ ಕೋನ ಕಡಿಮೆಯಾಗಿದೆ. ಅಲ್ಲಿರಬೇಕಾದದ್ದು ಮಾಯವಾಗಿದ್ದರೆ ಕೋನ ಹೆಚ್ಚಾಗಿದೆ. ಒಂದೊಂದೇ ಡಿಗ್ರಿ ಬದಲಿಸುತ್ತಾ ಹೋದರೆ ದೂರದ ವಸ್ತುಗಳು ಕೂಡಿಕೊಳ್ಳುವ ಬೆಲೆ ಸಿಗುತ್ತದೆ. ಒಂದು ಬದಿಯ ಗೆರೆ ಕೂಡಿ ಇನ್ನೊಂದು ಕೂಡದಿದ್ದರೆ ತಪ್ಪು ಕೋನದಲ್ಲಿಲ್ಲ; ವೃತ್ತದ ನಡು ಚೌಕಟ್ಟಿನ ಅರ್ಧಭಾಗದ ನಡುವಿಗೆ ಸರಿಯಾಗಿ ಕೂತಿಲ್ಲ ಎಂದರ್ಥ.

ಹತ್ತಿರದ ವಸ್ತುಗಳ ತೊಡಕು

ಕೋನ ಸರಿಯಿದ್ದರೂ ಹತ್ತಿರದ ವಸ್ತುಗಳು ಗೆರೆಯ ಮೇಲೆ ಮುರಿದಂತೆ ಕಾಣಬಹುದು. ಎರಡು ಲೆನ್ಸ್‌ಗಳು ಒಂದೇ ಬಿಂದುವಿನಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಅವುಗಳ ನಡುವೆ 3 ಸೆಂಟಿಮೀಟರ್ ಅಂತರವಿದೆ ಎಂದು ಹಿಡಿದರೆ, ಗೆರೆಯ ನೇರಕ್ಕೆ 1 ಮೀಟರ್ ದೂರದ ವಸ್ತು ಸುಮಾರು 1.7 ಡಿಗ್ರಿ ಸರಿದು ಕಾಣುತ್ತದೆ. 3840 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು 18 ಪಿಕ್ಸೆಲ್. 5 ಮೀಟರ್ ದೂರದ ವಸ್ತುವಿಗೆ ಅದೇ ವ್ಯತ್ಯಾಸ 4 ಪಿಕ್ಸೆಲ್‌ಗೆ ಇಳಿಯುತ್ತದೆ. ಒಂದೇ ಕೋನದ ಬೆಲೆಯಿಂದ ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಈ ತೊಡಕನ್ನು ಬಹುಪಾಲು ಚಿತ್ರೀಕರಣದ ಹೊತ್ತಿನಲ್ಲೇ ನಿವಾರಿಸಬೇಕಾಗುತ್ತದೆ.

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದಂಥ ಕಟ್ಟಡ ಇದಕ್ಕೆ ಒಳ್ಳೆಯ ಉದಾಹರಣೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಈ ಪೂರ್ವಾಭಿಮುಖ ಗುಡಿಯ ಮುಂಭಾಗದಲ್ಲಿ ಕಂಬಗಳ ತೆರೆದ ಮಂಟಪವಿದೆ; ಅದರ ಹಿಂದೆ ಮುಚ್ಚಿದ ಸಭಾಂಗಣ ಮತ್ತು ಗರ್ಭಗುಡಿ. ಮಂಟಪದ ನಡುಹಾದಿಯಲ್ಲಿ ಕ್ಯಾಮೆರಾ ನಿಲ್ಲಿಸಿ ಮುಂದಿನ ಲೆನ್ಸನ್ನು ಗರ್ಭಗುಡಿಯ ಕಡೆ ತಿರುಗಿಸುವುದು ಯಾರಿಗೂ ಸಹಜವಾಗಿ ತೋಚುತ್ತದೆ. ಆದರೆ ಹಾಗೆ ನಿಲ್ಲಿಸಿದರೆ ಹೊಲಿಗೆ ಗೆರೆಗಳು ಉತ್ತರ ಮತ್ತು ದಕ್ಷಿಣಕ್ಕೆ, ಅಂದರೆ ಹತ್ತಿರದ ಕಂಬಗಳ ಕಡೆಗೇ ಬೀಳುತ್ತವೆ. ತಿರುಗಣಿಯಲ್ಲಿ ಕಡೆದ ನುಣುಪಾದ ಕಂಬದಲ್ಲಿ ಸಣ್ಣ ಮುರಿತವೂ ಎದ್ದು ಕಾಣುತ್ತದೆ. ಜೊತೆಗೆ ಒಂದು ಲೆನ್ಸಿಗೆ ಒಳಗಿನ ಕತ್ತಲೆ, ಇನ್ನೊಂದಕ್ಕೆ ಹೊರಗಿನ ಬಿಸಿಲು ಸಿಕ್ಕು, ಎರಡು ಅರ್ಧಗಳ ಬೆಳಕು ಬೇರೆಬೇರೆಯಾಗುತ್ತದೆ.

ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಲೆನ್ಸ್‌ಗಳನ್ನು ಉತ್ತರ ದಕ್ಷಿಣಕ್ಕೆ ಮಾಡಿದರೆ ಎರಡೂ ತೊಂದರೆ ಕಡಿಮೆಯಾಗುತ್ತವೆ. ಕಂಬಗಳು ಲೆನ್ಸಿನ ನೇರಕ್ಕೆ ಬರುತ್ತವೆ. ಗೆರೆಗಳು ನಡುಹಾದಿಯ ಉದ್ದಕ್ಕೆ ಸರಿದು, ಒಂದು ಒಳಬಾಗಿಲಿನ ಮೇಲೂ ಇನ್ನೊಂದು ಹೊರಗಿನ ಬಯಲಿನ ಮೇಲೂ ಬೀಳುತ್ತವೆ. ಕತ್ತಲೆ ಬೆಳಕುಗಳು ಎರಡೂ ಲೆನ್ಸ್‌ಗಳಿಗೆ ಸಮಪಾಲಾಗಿ ಹಂಚಿಹೋಗುತ್ತವೆ. ಪರಿವರ್ತಿಸುವಾಗ `yaw=90` ಅಥವಾ `yaw=-90` ಕೊಟ್ಟು ಬಾಗಿಲನ್ನು ಚಿತ್ರದ ನಡುವಿಗೆ ತರಬಹುದು:

```
ffmpeg -i in.mp4 -vf "v360=dfisheye:e:ih_fov=195:iv_fov=195:yaw=90:w=3840:h=1920:interp=cubic" -c:v libx264 -crf 18 -c:a copy out.mp4
```

ಮಿತಿಗಳು

`v360` ಎರಡು ಅರ್ಧಗಳನ್ನು 90 ಡಿಗ್ರಿಯ ಎಲ್ಲೆಯಲ್ಲಿ ನೇರವಾಗಿ ಕತ್ತರಿಸಿ ಕೂಡಿಸುತ್ತದೆ. ಬಳೆಯ ಭಾಗವನ್ನು ಬಳಸುವುದಿಲ್ಲ. ಬೆಳಕಿನ ವ್ಯತ್ಯಾಸವನ್ನು ಮರೆಸಬೇಕಾದರೆ ಒಂದೊಂದು ವೃತ್ತವನ್ನೂ `fisheye` ರೂಪವಾಗಿ ಬೇರೆಬೇರೆ ಪರಿವರ್ತಿಸಿ, ದಿಗಂತದ ಮಟ್ಟದಲ್ಲಿ ಸುಮಾರು 160 ಪಿಕ್ಸೆಲ್ ಅಗಲವಿರುವ 15 ಡಿಗ್ರಿಯ ಪಟ್ಟಿಯಲ್ಲಿ ಒಂದನ್ನು ಇನ್ನೊಂದರೊಳಗೆ ಮೆಲ್ಲಗೆ ಕರಗಿಸಬೇಕು. ಇದರಿಂದ ಬಣ್ಣದ ಗೆರೆ ಅಳಿಸುತ್ತದೆ, ಆದರೆ ಹತ್ತಿರದ ವಸ್ತುಗಳು ಮುರಿಯುವ ಬದಲು ಜೋಡಿ ನೆರಳಿನಂತೆ ಕಾಣತೊಡಗುತ್ತವೆ. ಕ್ಯಾಮೆರಾ ತಯಾರಕರ ತಂತ್ರಾಂಶಗಳು ಆಯಾ ಲೆನ್ಸಿನ ಅಳತೆಯನ್ನೂ, ಫೈಲಿನಲ್ಲಿ ಚಲನೆಯ ದಾಖಲೆಯಿದ್ದರೆ ಅದನ್ನೂ ಬಳಸಬಲ್ಲವು. ಕೈಯಲ್ಲಿ ಹಿಡಿದು ನಡೆದಾಡುತ್ತಾ ತೆಗೆದ ವಿಡಿಯೊಗೆ ಅವೇ ಸೂಕ್ತ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತೆಗೆದದ್ದಕ್ಕೆ ಮೇಲಿನ ಕ್ರಮ ಸಾಕಾಗುತ್ತದೆ.

ಹೀಗೆ ಸಿದ್ಧವಾದ ಫೈಲ್ ಸಾಮಾನ್ಯ ಪ್ಲೇಯರ್‌ನಲ್ಲಿ ಮೇಲೂ ಕೆಳಗೂ ಎಳೆದು ಹಿಗ್ಗಿಸಿದ ಚಿತ್ರದಂತೆಯೇ ತೋರುತ್ತದೆ. ಇದು ಗೋಳದ ವಿಡಿಯೊ ಎಂಬ ಗುರುತನ್ನು ಫಿಲ್ಟರ್ ತಾನಾಗಿ ಬರೆಯುವುದಿಲ್ಲ. ಗೂಗಲ್‌ನ `Spatial Media Metadata Injector` ಮೂಲಕ ಆ ಗುರುತನ್ನು ಸೇರಿಸಿದ ಮೇಲೆ, 2015ರಿಂದ 360 ಡಿಗ್ರಿ ವಿಡಿಯೊ ಸ್ವೀಕರಿಸುತ್ತಿರುವ ಯೂಟ್ಯೂಬ್ ಅದನ್ನು ಸುತ್ತಲೂ ತಿರುಗಿಸಿ ನೋಡಬಹುದಾದ ವಿಡಿಯೊ ಆಗಿ ತೋರಿಸುತ್ತದೆ.