ಪದ ಪರಿಚಯ: ಸೈಬರ್‌ಪಂಕ್

ಅಮೆರಿಕದ ಬ್ರೂಸ್ ಬೆತ್ಕೆ 1980ರಲ್ಲಿ ಬರೆದು, 1983ರಲ್ಲಿ ಅಚ್ಚಾದ ಸಣ್ಣಕಥೆಯ ಹೆಸರೇ ‘ಸೈಬರ್‌ಪಂಕ್’. ‘ಸೈಬರ್’ ಬಂದದ್ದು ಸೈಬರ್ನೆಟಿಕ್ಸ್‌ನಿಂದ. ಅದರ ಗ್ರೀಕ್ ಮೂಲಕ್ಕೆ ಚುಕ್ಕಾಣಿ ಹಿಡಿದವನು ಎಂದರ್ಥ. ‘ಪಂಕ್’ ಎಂದರೆ ಪುಂಡ. ಕನ್ನಡದ ಕಿವಿಗೆ ಪಂಕ ಅಂದರೆ ಕೆಸರೂ ಕೇಳಿಸುತ್ತದೆ, ಅದು ಬರೀ ಕಾಕತಾಳೀಯ. ಸಂಪಾದಕ ಗಾರ್ಡ್‌ನರ್ ಡೊಜ್ವಾ ಈ ಪದವನ್ನು ಒಂದು ಸಾಹಿತ್ಯ ಪಂಥಕ್ಕೆ ಅಂಟಿಸಿದ ಮೇಲೆ ಅದು ಎಲ್ಲರ ಬಾಯಿಗೂ ಬಂತು.

ಈ ಪಂಥದ ಕಥಾಲೋಕದಲ್ಲಿ ಚುಕ್ಕಾಣಿ ಸರ್ಕಾರದ ಕೈಯಲ್ಲಿಲ್ಲ, ಕಂಪನಿಗಳ ಕೈಯಲ್ಲಿದೆ. ವಿಲಿಯಂ ಗಿಬ್ಸನ್‌ನ ‘ನ್ಯೂರೊಮ್ಯಾನ್ಸರ್’ (1984) ಕಾದಂಬರಿಯ ಕೇಸ್ ಎಂಬ ಹ್ಯಾಕರ್ ಧಣಿಗಳಿಂದಲೇ ಕದಿಯುತ್ತಾನೆ. ಅವರು ಪೊಲೀಸರನ್ನು ಕರೆಯುವುದಿಲ್ಲ. ವಿಷವಿಕ್ಕಿ ಅವನ ನರಗಳನ್ನೇ ಕೆಡಿಸಿ, ಕಂಪ್ಯೂಟರ್ ಜಾಲವನ್ನು ಹೊಗುವ ಶಕ್ತಿ ಕಸಿಯುತ್ತಾರೆ. ಮುಂದೆ ಹೊಸ ಕೆಲಸ ಕೊಟ್ಟವನು ನರ ರಿಪೇರಿ ಮಾಡಿಸುತ್ತಾನೆ, ಜೊತೆಗೆ ರಕ್ತನಾಳಗಳಲ್ಲಿ ನಿಧಾನ ಕರಗುವ ವಿಷದ ಚೀಲಗಳನ್ನೂ ಇಡಿಸುತ್ತಾನೆ. ಕೆಲಸ ಮುಗಿಸಿದರಷ್ಟೇ ಬಿಡುಗಡೆ. ಕರಾರುಪತ್ರ ಮೈಯೊಳಗೇ ಇದೆ, ದೂರು ಕೊಡಲು ಕಚೇರಿಯಿಲ್ಲ.

ಈ ಪಂಥದ ಎಚ್ಚರಿಕೆ ಇಲ್ಲಿದೆ, ಯಂತ್ರದ ಭಯದಲ್ಲಲ್ಲ. ಹಾಗಾಗಿ ನಿಯಾನ್ ದೀಪ, ಮಳೆ, ಕಪ್ಪು ಕನ್ನಡಕ ಇದ್ದ ಮಾತ್ರಕ್ಕೆ ಸಿನಿಮಾವನ್ನು ಸೈಬರ್‌ಪಂಕ್ ಎನ್ನುವುದು ಸಡಿಲ ಬಳಕೆ.